ಪುಟಕ್ಕೊಂದು ಹೆಸರು, ದಾಖಲೆಗೊಂದು ಹೆಸರು

ಶಿರಸಿಯಲ್ಲಿ ಸಾವಿತ್ರಿ ಎಂಬವರು ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾರೆ ಎಂದಿಟ್ಟುಕೊಳ್ಳಿ. ಅವರ ಫೇಸ್‌ಬುಕ್ ಪುಟದ ಹೆಸರು ‘ಮಿಡಿಮನೆ’. ವ್ಯಾಪಾರ ಬೆಳೆದಾಗ ಮೆಟಾ ಕಂಪನಿ ಬಿಸಿನೆಸ್ ವೆರಿಫಿಕೇಶನ್ ಕೇಳುತ್ತದೆ. ಅವರು ಅರ್ಜಿಯಲ್ಲಿ ‘ಮಿಡಿಮನೆ’ ಎಂದು ತುಂಬಿ ಜಿಎಸ್‌ಟಿ ಪ್ರಮಾಣಪತ್ರ ಹಾಕುತ್ತಾರೆ. ಹೆಸರು ತಾಳೆಯಾಗುತ್ತಿಲ್ಲ ಎಂದು ಅರ್ಜಿ ವಾಪಸ್ ಬರುತ್ತದೆ.

ಪ್ರಮಾಣಪತ್ರದ ಮೊದಲ ಸಾಲು ನೋಡಿದರೆ ಕಾರಣ ಗೊತ್ತಾಗುತ್ತದೆ. ಅಲ್ಲಿ Legal Name ಎಂಬುದರ ಎದುರು ಇರುವುದು ಅಂಗಡಿಯ ಹೆಸರಲ್ಲ, ಸಾವಿತ್ರಿಯವರ ಪ್ಯಾನ್ ಕಾರ್ಡಿನಲ್ಲಿರುವ ಹೆಸರು. ಒಬ್ಬರೇ ಮಾಲೀಕರಿರುವ ವ್ಯಾಪಾರವನ್ನು ಕಾನೂನು ಮಾಲೀಕರಿಂದ ಬೇರೆ ಮಾಡಿ ನೋಡುವುದಿಲ್ಲ. ಅಂಗಡಿಯ ಹೆಸರಿಗೆ ಜಾಗವಿರುವುದು ಅದರ ಕೆಳಗೆ, Trade Name ಎಂಬಲ್ಲಿ. ನೋಂದಣಿ ಮಾಡಿಸುವಾಗ ಎಷ್ಟೋ ಮಂದಿ ಅಲ್ಲಿಯೂ ತಮ್ಮ ಹೆಸರನ್ನೇ ಬರೆಸಿರುತ್ತಾರೆ. ಹಾಗಾದಾಗ ‘ಮಿಡಿಮನೆ’ ಎಂಬ ಪದ ಇಡೀ ಕಾಗದದಲ್ಲಿ ಎಲ್ಲಿಯೂ ಸಿಗುವುದಿಲ್ಲ.

ಇಂಥ ಹೊತ್ತಿನಲ್ಲಿ ಪುಟದ ಹೆಸರನ್ನೇ ಬದಲಿಸಲು ಹೊರಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಗ್ರಾಹಕರು ನಿಮ್ಮನ್ನು ಗುರುತಿಸುವುದು ಆ ಹೆಸರಿನಿಂದಲೇ. ಪರಿಶೀಲಕರು ಮುಖ್ಯವಾಗಿ ದಾಖಲೆಯ ಪಕ್ಕದಲ್ಲಿಟ್ಟು ನೋಡುವುದು ಅರ್ಜಿಯಲ್ಲಿ ನೀವು ತುಂಬಿದ ಕಾನೂನುಬದ್ಧ ಹೆಸರನ್ನು. ಸಾವಿತ್ರಿಯವರು ತಿದ್ದಬೇಕಾದದ್ದು ಆ ಒಂದು ಜಾಗವನ್ನು. ಅಲ್ಲಿ ಪ್ಯಾನ್‌ನಲ್ಲಿರುವ ಹೆಸರನ್ನು ಅಕ್ಷರಕ್ಕೆ ಅಕ್ಷರ ಹಾಗೆಯೇ ಬರೆಯಬೇಕು. ದಾಖಲೆಯಲ್ಲಿ ಬರೀ ಇನಿಷಿಯಲ್ ಇದ್ದರೆ ಅರ್ಜಿಯಲ್ಲಿಯೂ ಇನಿಷಿಯಲ್ಲೇ ಇರಲಿ. Hegde ಎಂದಿರುವುದನ್ನು Hegade ಎಂದು ಬರೆದರೂ ತೊಡಕಾಗಬಹುದು. ವಿಳಾಸಕ್ಕೂ ಇದೇ ಮಾತು.

ಆದರೆ ಆ ಹೆಸರಿಗೂ ಮಿಡಿಮನೆಗೂ ಏನು ಸಂಬಂಧ ಎಂಬ ಪ್ರಶ್ನೆ ಉಳಿಯುತ್ತದೆ, ವಾಟ್ಸ್‌ಆ್ಯಪ್‌ನಲ್ಲಿ ‘ಮಿಡಿಮನೆ’ ಎಂದೇ ಕಾಣಿಸಿಕೊಳ್ಳಬೇಕಾದರಂತೂ ಅದಕ್ಕೆ ಉತ್ತರ ಕೊಡಲೇಬೇಕು. ಜಾಲತಾಣವಿದ್ದರೆ ಪುಟದ ತಳದಲ್ಲಿ ‘ಮಿಡಿಮನೆ, ಮಾಲೀಕರು ಇಂಥವರು’ ಎಂದು ದಾಖಲೆಯಲ್ಲಿರುವ ಹೆಸರು, ವಿಳಾಸ ಹಾಕಿ. ಇದಕ್ಕಿಂತ ಗಟ್ಟಿಯಾದ ದಾರಿ ಜಿಎಸ್‌ಟಿ ಪೋರ್ಟಲ್‌ನಲ್ಲಿ ತಿದ್ದುಪಡಿಗೆ ಅರ್ಜಿ ಹಾಕಿ Trade Name ಜಾಗದಲ್ಲಿ ‘ಮಿಡಿಮನೆ’ ಸೇರಿಸುವುದು. ಪ್ಯಾನ್ ಬದಲಾಗುವುದಿಲ್ಲ, ಶುಲ್ಕವೂ ಇಲ್ಲ. ಒಪ್ಪಿಗೆ ಸಿಕ್ಕ ಮೇಲೆ ಹೊಸ ಪ್ರಮಾಣಪತ್ರ ಇಳಿಸಿಕೊಂಡು ಅದನ್ನೇ ಕಳಿಸಿ. ಪೋರ್ಟಲ್‌ನಲ್ಲಿ ಜಿಎಸ್‌ಟಿ ಸಂಖ್ಯೆ ಹಾಕಿ ಹುಡುಕಿದರೆ ಎರಡೂ ಹೆಸರುಗಳು ಯಾರಿಗೆ ಬೇಕಾದರೂ ಕಾಣುತ್ತವೆ.

ಹಳೆಯ ಪಿಡಿಎಫ್‌ನಲ್ಲೇ ಹೆಸರು ತಿದ್ದಿ ಕಳಿಸಿಕೊಡುತ್ತೇವೆ ಎನ್ನುವವರೂ ಸಿಗುತ್ತಾರೆ. ಅದು ನಕಲಿ ದಾಖಲೆ. ಪೋರ್ಟಲ್‌ನಲ್ಲಿ ಒಂದು ಹುಡುಕಾಟ ನಡೆಸಿದರೆ ಬಯಲಾಗುತ್ತದೆ, ಆಮೇಲೆ ಪುಟವೂ ಕೈತಪ್ಪಬಹುದು.