ಹೊಸ ಮಾವಿಗೆ ಹೆಸರಿಡುವ ಮುನ್ನ

ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಕೆಂಪು ತೊಳೆಯ ಹಲಸಿನ ಮರವೊಂದಿದೆ. ಅದರ ತಳಿಗೆ ಬಿದ್ದ ಹೆಸರು ‘ಸಿದ್ದು’. ಮರ ನೆಟ್ಟ ಸಿದ್ದಪ್ಪನವರ ಹೆಸರನ್ನೇ ಮೊಟಕಾಗಿಸಿದ್ದು ಅಷ್ಟೆ. 2017ರಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದರ ಕಸಿ ಗಿಡ ಬೆಳೆಸಿ ಮಾರಲು ಮರದ ಒಡೆಯರಾದ ರೈತರೊಂದಿಗೆ ಒಪ್ಪಂದ ಮಾಡಿಕೊಂಡಿತು. ಆದಾಯದಲ್ಲಿ ಮುಕ್ಕಾಲು ಪಾಲು ರೈತರಿಗೆ. ಗಿಡ ಕೊಳ್ಳಲು ಬಂದವರು ತೊಳೆಯ ಬಣ್ಣ, ಹಣ್ಣಿನ ಗಾತ್ರ ವಿವರಿಸುವ ಗೋಜಿಲ್ಲ, ‘ಸಿದ್ದು ಇದೆಯಾ?’ ಎಂದರೆ ಮುಗಿಯಿತು. ಮಾವಿನ ಹೊಸ ತಳಿ ಕಂಡುಕೊಂಡ ರೈತನಿಗೆ ಬೇಕಾದುದೂ ಇಂಥದೇ ಹೆಸರು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಶ್ರೀನಿವಾಸಪುರದ ಕಡೆಯ ರೈತರೊಬ್ಬರ ಬದುವಿನಲ್ಲಿ ಅವರ ಅಜ್ಜಿ ನೆಟ್ಟ ಗೊರಟೆಯಿಂದ ಎದ್ದ ಮಾವಿನ ಮರವಿದೆ ಎಂದಿಟ್ಟುಕೊಳ್ಳಿ. ಹಣ್ಣಿನಲ್ಲಿ ರಸಪುರಿಯಂತೆಯೇ ರಸ, ಆದರೆ ರಸಪುರಿ ಮುಗಿದ ಮೇಲೆ ಮಾಗುತ್ತದೆ. ಮನೆಯವರಿಗೆ ಮೊದಲು ಹೊಳೆಯುವ ಹೆಸರು ‘ಸೂಪರ್ ರಸಪುರಿ’. ಗಿರಾಕಿಗೆ ಇದು ತಕ್ಷಣ ಅರ್ಥವಾಗುತ್ತದೆ ನಿಜ, ಆದರೆ ಮುಂದಿನ ವರ್ಷ ಅವನು ಬಂದು ಕೇಳುವುದು ರಸಪುರಿಯನ್ನೇ. ಹೊಸ ಹಣ್ಣಿನ ಖರ್ಚಿನಲ್ಲಿ ಹಳೆಯ ಹಣ್ಣಿಗೆ ಪ್ರಚಾರ ಸಿಕ್ಕಂತಾಯಿತು. ಕಾನೂನೂ ಇದಕ್ಕೆ ಅಡ್ಡ ಬರುತ್ತದೆ. ಸಸ್ಯ ತಳಿಗಳ ರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001ರ ಪ್ರಕಾರ ತಳಿಯ ಹೆಸರು ಇನ್ನೊಂದು ತಳಿಯೊಂದಿಗೆ ಗೊಂದಲ ಹುಟ್ಟಿಸಬಾರದು. ತಳಿಯ ಗುಣದ ಬಗ್ಗೆ ದಾರಿ ತಪ್ಪಿಸಬಾರದು. ಬರೀ ಅಂಕಿಗಳಿಂದ ಕೂಡಿರಬಾರದು. ಧಾರ್ಮಿಕ ಭಾವನೆಗೆ ನೋವುಂಟುಮಾಡಬಾರದು.

ಎರಡನೆಯದು ‘ಶ್ರೀನಿವಾಸಪುರ ಸಿಹಿ’. ಊರಿನ ಹೆಸರು ಸೇರಿದ್ದರೆ ನೋಂದಣಾಧಿಕಾರಿ ತಿರಸ್ಕರಿಸಬಹುದು. ಆ ಸಂದರ್ಭದಲ್ಲಿ ಅದು ಪ್ರಾಮಾಣಿಕ ಬಳಕೆ ಎಂದು ಅವರಿಗೆ ಮನವರಿಕೆಯಾದರೆ ಮಾತ್ರ ಒಪ್ಪಬಹುದು. ಒಪ್ಪಿದರೂ ಪೇಟೆಯಲ್ಲಿ ತೊಡಕಿದೆ. ಶ್ರೀನಿವಾಸಪುರದಿಂದ ಬರುವ ಬಾದಾಮಿ, ತೋತಾಪುರಿಗಳೆಲ್ಲ ಸಿಹಿಯೇ, ಎಲ್ಲವೂ ಆ ಊರಿನವೇ.

ಗುಣವನ್ನೇ ಹೇಳುವ ಹೆಸರುಗಳಿಗೆ ಇನ್ನೊಂದು ಮಿತಿ. ರಾಜಸ್ಥಾನದ ಕೋಟಾದ ರೈತ ಶ್ರೀಕಿಶನ್ ಸುಮನ್ ವರ್ಷವಿಡೀ ಹಣ್ಣು ಬಿಡುವ ತಳಿಗೆ ‘ಸದಾಬಹಾರ್’ ಎಂದು ಹೆಸರಿಟ್ಟರು. ಕಿವಿಗೆ ಬಿದ್ದೊಡನೆ ವಿಷಯ ತಿಳಿಯುವುದೇ ಅದರ ಬಲ. ಆದರೆ ಆ ಪದ ಮೊದಲೇ ಎಲ್ಲರ ನಾಲಗೆಯಲ್ಲಿದ್ದುದು. ಬೇರೆ ಯಾವುದೋ ಬಹುಕಾಲ ಫಲ ಕೊಡುವ ಗಿಡವನ್ನೂ ಯಾರಾದರೂ ಹಾಗೆಂದು ಕರೆಯಬಹುದು.

ಹಾಗಾದರೆ ನಮ್ಮ ರೈತರು ಏನು ಮಾಡಬಹುದು? ಮಲೆನಾಡಿನ ಅಪ್ಪೆಮಿಡಿಯಲ್ಲಿ ‘ಅನಂತಭಟ್ಟನ ಅಪ್ಪೆ’ ಎಂಬ ತಳಿಯಿದೆ. ಹೆಸರು ವ್ಯಕ್ತಿಯದು, ಮರವೂ ಒಂದೇ ಮನೆಯದೆಂಬ ಗುರುತು ಅದರಲ್ಲೇ ಇದೆ. ಅದೇ ದಾರಿಯಲ್ಲಿ, ಗೊರಟೆ ನೆಟ್ಟ ಅಜ್ಜಿಯ ಹೆಸರು ಮುನಿಯಕ್ಕ ಎಂದಾಗಿದ್ದರೆ ತಳಿಗೂ ‘ಮುನಿಯಕ್ಕ’ ಎಂದೇ ಇಡಬಹುದು. ಮಂಡಿಯ ಗದ್ದಲದಲ್ಲಿ ಕೂಗಿದರೂ ಕೇಳಿಸುತ್ತದೆ. ತೆಲುಗು ವ್ಯಾಪಾರಿಯ ಬಾಯಲ್ಲೂ ತಿರುಚಿಹೋಗುವುದಿಲ್ಲ. ಹೆಸರು ಉದ್ದವಾದರೆ ಪೇಟೆಯೇ ಅದನ್ನು ಕತ್ತರಿಸುತ್ತದೆ, ಇಲ್ಲವೇ ಬೇರೆಯದನ್ನು ಕಟ್ಟುತ್ತದೆ. ತೋತಾಪುರಿ ಗಿಣಿಮೂತಿಯಾಗಿದೆ, ಬಂಗನಪಲ್ಲಿ ಬೇನಿಶಾ ಆಗಿದೆ. ಆದ್ದರಿಂದ ಅರ್ಜಿ ಹಾಕುವ ಮುನ್ನ ನಾಲ್ಕಾರು ಮಂಡಿಯವರ ಬಾಯಲ್ಲಿ ಹೆಸರನ್ನು ಹೇಳಿಸಿ ನೋಡುವುದು ಒಳ್ಳೆಯದು. ಈಗಾಗಲೇ ಆ ಹೆಸರಿನ ಮಾವು ನೋಂದಣಿಯಾಗಿದೆಯೇ ಎಂದೂ ಹುಡುಕಬೇಕು. ರೈತರಿಗೆ ಇಲ್ಲಿ ಅರ್ಜಿ ಶುಲ್ಕವಿಲ್ಲ.

ಒಂದು ಸೂಕ್ಷ್ಮ ಇದೆ. ತಳಿಯ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಲು ಬರುವುದಿಲ್ಲ. ಮರಗಳ ತಳಿಗೆ ರಕ್ಷಣೆ ಹೆಚ್ಚೆಂದರೆ 18 ವರ್ಷ. ಆಮೇಲೆ ಗಿಡವನ್ನು ಯಾರು ಬೇಕಾದರೂ ಬೆಳೆಸಬಹುದು, ಅದೇ ಹೆಸರಿನಿಂದಲೇ ಕರೆಯಬಹುದು. ಅದಕ್ಕೆ ಕೆಲವರು ಎರಡು ಹೆಸರು ಇಟ್ಟುಕೊಳ್ಳುತ್ತಾರೆ. ಆಸ್ಟ್ರೇಲಿಯಾದ ‘ಕ್ರಿಪ್ಸ್ ಪಿಂಕ್’ ಸೇಬಿನ ತಳಿ ಅಂಗಡಿಯಲ್ಲಿ ‘ಪಿಂಕ್ ಲೇಡಿ’ ಎಂಬ ಟ್ರೇಡ್‌ಮಾರ್ಕ್‌ನಡಿ ಮಾರಾಟವಾಗುತ್ತದೆ. ತಳಿಗೆ ಮುನಿಯಕ್ಕ ಎಂದಿಟ್ಟು, ಹಣ್ಣಿನ ಪೆಟ್ಟಿಗೆಯ ಮೇಲೆ ತೋಟದ ಪ್ರತ್ಯೇಕ ಬ್ರಾಂಡ್ ಹಾಕಿದರೆ ಗಳಿಸಿದ ಹೆಸರು ತೋಟದವರ ಕೈಯಲ್ಲೇ ಉಳಿಯುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಹೆಸರು ಕೆಡುವುದು ಸಾಮಾನ್ಯವಾಗಿ ನರ್ಸರಿಯಲ್ಲಿ. ನಮ್ಮ ಕಡೆಯ ಬಹುತೇಕ ಮಾವಿನ ಗೊರಟೆಯಿಂದ ಎದ್ದ ಗಿಡ ತಾಯಿಮರದಂತಿರುವುದಿಲ್ಲ. ತಾಯಿಮರದ ಕಡ್ಡಿಯಿಂದ ಮಾಡಿದ ಕಸಿಗೆ ಮಾತ್ರ ಆ ಹೆಸರು ಸಲ್ಲುತ್ತದೆ. ಬೇರೆ ಕಡ್ಡಿಯ ಗಿಡಕ್ಕೆ ಅದೇ ಚೀಟಿ ಕಟ್ಟಿದರೆ ಮೋಸ ಗೊತ್ತಾಗುವುದು ಗಿಡ ಹಣ್ಣು ಬಿಟ್ಟಾಗ, ಅಂದರೆ ಮೂರು-ನಾಲ್ಕು ವರ್ಷ ಕಳೆದ ಮೇಲೆ. ಆಗ ಗಿರಾಕಿ ಬಯ್ಯುವುದು ನರ್ಸರಿಯವನನ್ನಲ್ಲ, ಮುನಿಯಕ್ಕನನ್ನು. ಆದ್ದರಿಂದ ಕಡ್ಡಿ ಯಾರಿಗೆ, ಯಾವ ದಿನ, ಎಷ್ಟು ಕೊಟ್ಟೆವೆಂಬ ಪುಸ್ತಕವನ್ನು ಮೊದಲ ಕಸಿಯಿಂದಲೇ ಇಡಬೇಕು. ಹೆಸರಿಟ್ಟವರಿಗೆ ಆ ಹೆಸರಿನಲ್ಲಿ ಏನು ಮಾರಾಟವಾಗುತ್ತಿದೆ ಎಂದು ನೋಡಿಕೊಳ್ಳುವ ಕೆಲಸವೂ ಸೇರಿಯೇ ಬರುತ್ತದೆ.