ಸೋತವರೂ ಒಪ್ಪುವಂಥ ಗಿವ್‌ಅವೇ ಪ್ರಕಟಣೆ

ಇನ್‌ಸ್ಟಾಗ್ರಾಂನಲ್ಲಿ ಸಣ್ಣ ಅಂಗಡಿಗಳು ಹಾಕುವ ಗಿವ್‌ಅವೇ ಪ್ರಕಟಣೆಗಳಲ್ಲಿ ಬಹುಮಾನದ ಚಿತ್ರ ಸ್ಪಷ್ಟವಾಗಿರುತ್ತದೆ, ನಿಯಮಗಳು ಮಸುಕಾಗಿರುತ್ತವೆ. ಒಂದು ಮಾದರಿಯನ್ನು ನೋಡಬಹುದು. ಹುಬ್ಬಳ್ಳಿಯ ಒಂದು ಸೀರೆ ಅಂಗಡಿ ಶ್ರಾವಣದ ಹಬ್ಬಗಳಿಗೆ ಮುಂಚೆ ಹೀಗೆ ಬರೆದಿದೆ ಎಂದುಕೊಳ್ಳೋಣ:

“ಇಳಕಲ್ ಸೀರೆ ಗೆಲ್ಲಿರಿ! ನಮ್ಮ ಪೇಜ್ ಫಾಲೋ ಮಾಡಿ, ಪೋಸ್ಟ್ ಲೈಕ್ ಮಾಡಿ, ಗೆಳತಿಯರನ್ನು ಟ್ಯಾಗ್ ಮಾಡಿ, ಸ್ಟೋರಿಗೂ ಹಾಕಿ. ಹೆಚ್ಚು ಕಮೆಂಟ್ ಮಾಡಿದಷ್ಟೂ ಅವಕಾಶ ಹೆಚ್ಚು. ಭಾನುವಾರ ರಾತ್ರಿ 12ರವರೆಗೆ ಮಾತ್ರ. ಅದೃಷ್ಟಶಾಲಿಯನ್ನು ಶೀಘ್ರದಲ್ಲೇ ಘೋಷಿಸುತ್ತೇವೆ. ನಮ್ಮ ತೀರ್ಮಾನವೇ ಅಂತಿಮ.”

ಇದರಲ್ಲಿ ಮೋಸದ ಉದ್ದೇಶವೇನೂ ಇಲ್ಲ. ಆದರೆ ಬಹುಮಾನ ಬಾರದವರಿಗೆ, ತಮ್ಮ ಹೆಸರು ನಿಜಕ್ಕೂ ಪಟ್ಟಿಯಲ್ಲಿತ್ತೇ, ಆಯ್ಕೆ ನಿಜಕ್ಕೂ ನಡೆಯಿತೇ ಎಂದು ತಿಳಿಯುವ ದಾರಿಯೇ ಇಲ್ಲ. ಗೆದ್ದ ಒಬ್ಬರಿಗೆ ನಿಯಮಗಳ ಚಿಂತೆ ಇರುವುದಿಲ್ಲ. ಉಳಿದ ನೂರಾರು ಜನರಿಗೆ ಇರುತ್ತದೆ. ಹಾಗಾಗಿ ತಿದ್ದುವಾಗ ಪ್ರತಿ ವಾಕ್ಯಕ್ಕೂ ಒಂದೇ ಪ್ರಶ್ನೆ ಹಾಕಬೇಕು: ಸೋತವರು ಇದನ್ನು ತಾವೇ ಪರೀಕ್ಷಿಸಿ ನೋಡಬಲ್ಲರೇ?

ಮೊದಲು ಭಾಗವಹಿಸುವ ನಿಯಮ. ಮೇಲಿನ ಪ್ರಕಟಣೆ ನಾಲ್ಕು ಕೆಲಸ ಕೇಳುತ್ತದೆ. ಅವುಗಳಲ್ಲಿ ಸ್ಟೋರಿ 24 ಗಂಟೆಗಳಲ್ಲಿ ಮರೆಯಾಗುತ್ತದೆ. ಖಾತೆ ಖಾಸಗಿಯಾಗಿದ್ದರೆ ಅಂಗಡಿಯವರಿಗೆ ಅದು ಕಾಣುವುದೂ ಇಲ್ಲದಿರಬಹುದು. ಪರಿಶೀಲಿಸಲಾಗದ ನಿಯಮ ಹಾಕಿದರೆ, ಅದನ್ನು ಪಾಲಿಸಿದವರಿಗೂ ಪಾಲಿಸದವರಿಗೂ ವ್ಯತ್ಯಾಸ ಉಳಿಯುವುದಿಲ್ಲ. “ಗೆಳತಿಯರನ್ನು” ಎಂದರೆ ಎಷ್ಟು ಜನ ಎಂಬುದೂ ತಿಳಿಯದು. ಟ್ಯಾಗ್ ಮಾಡಿಸುವ ವಿಷಯದಲ್ಲಿ ಇನ್ನೊಂದು ತೊಡಕಿದೆ. ಚಿತ್ರದಲ್ಲಿ ಇಲ್ಲದವರನ್ನು ಚಿತ್ರದ ಮೇಲೆ ಟ್ಯಾಗ್ ಮಾಡಲು ಪ್ರೇರೇಪಿಸುವುದನ್ನು ಇನ್‌ಸ್ಟಾಗ್ರಾಂನ ನಿಯಮಗಳು ಒಪ್ಪುವುದಿಲ್ಲ. ಗೆಳೆಯರನ್ನು ಟ್ಯಾಗ್ ಮಾಡುವುದನ್ನೇ ಪ್ರವೇಶದ ಷರತ್ತಾಗಿಸುವುದನ್ನು ಫೇಸ್‌ಬುಕ್ ಒಪ್ಪುವುದಿಲ್ಲ. ಎಷ್ಟೋ ಅಂಗಡಿಗಳು ಒಂದೇ ಬರಹವನ್ನು ಎರಡೂ ಕಡೆ ಹಾಕುವುದರಿಂದ ಆ ಷರತ್ತನ್ನು ತೆಗೆದುಬಿಡುವುದೇ ಒಳ್ಳೆಯದು.

ಪ್ರಕಟಣೆಯ ಕೆಳಗೆ ಒಂದೇ ಒಂದು ಕಮೆಂಟ್ ಸಾಕು. ಅದು ಎಲ್ಲರಿಗೂ ಕಾಣುತ್ತದೆ, ಎಣಿಸಲು ಬರುತ್ತದೆ. ಒಬ್ಬರು ಹತ್ತು ಬಾರಿ ಬರೆದರೂ ಒಂದೇ ಪ್ರವೇಶ ಎಂದರೆ, ಬಿಡುವಿರುವವರಿಗೆ ಹೆಚ್ಚು ಅವಕಾಶ ಸಿಗುವ ಅನ್ಯಾಯವೂ ತಪ್ಪುತ್ತದೆ. ಸೀರೆ ಕೊಂಡವರಿಗಷ್ಟೇ ಪ್ರವೇಶ ಎಂಬ ಷರತ್ತು ಮಾತ್ರ ಎಂದಿಗೂ ಬೇಡ. ಹಣ ಕೊಟ್ಟು ಪಾಲ್ಗೊಂಡು ಅದೃಷ್ಟದಿಂದ ಗೆಲ್ಲುವುದಾದರೆ ಅದು ಲಾಟರಿಯಾಗುತ್ತದೆ.

ಗಡುವಿನಲ್ಲಿ ಹೆಚ್ಚು ಜಗಳ ತರುವುದು “ರಾತ್ರಿ 12”. ಭಾನುವಾರ ರಾತ್ರಿ 12 ಎಂದರೆ ಶನಿವಾರ ಮುಗಿದು ಭಾನುವಾರ ಹುಟ್ಟುವ ಹೊತ್ತೋ, ಭಾನುವಾರ ಮುಗಿಯುವ ಹೊತ್ತೋ? ಓದುವವರು ಎರಡೂ ರೀತಿ ತಿಳಿಯಬಹುದು, ಆ ಎರಡರ ನಡುವೆ ಇಡೀ ಒಂದು ದಿನದ ಅಂತರವಿದೆ. “2026ರ ಆಗಸ್ಟ್ 9, ಭಾನುವಾರ, ರಾತ್ರಿ 9 ಗಂಟೆ, ಭಾರತೀಯ ಕಾಲಮಾನ” ಎಂದರೆ ಗೊಂದಲವಿಲ್ಲ. ಹೊರದೇಶದ ಕನ್ನಡಿಗರೂ ಅಂಗಡಿಯನ್ನು ಹಿಂಬಾಲಿಸುತ್ತಿದ್ದರೆ, ಸೀರೆಯನ್ನು ಭಾರತದೊಳಗಿನ ವಿಳಾಸಕ್ಕೆ ಮಾತ್ರ ಕಳಿಸುವುದೋ ಎಂಬುದನ್ನೂ ಮೊದಲೇ ಹೇಳಬೇಕು. ಜನ ಕಡಿಮೆ ಬಂದರೆಂದು ನಡುವೆ ಗಡುವನ್ನು ಮುಂದೂಡುವುದು ಈಗಾಗಲೇ ಭಾಗವಹಿಸಿದವರ ಅವಕಾಶವನ್ನು ಕಿರಿದುಗೊಳಿಸುತ್ತದೆ, ಹಾಗೆ ಮಾಡಬಾರದು.

ಆಯ್ಕೆಯೇ ಇಡೀ ಪ್ರಕಟಣೆಯ ಜೀವಾಳ. ಆ್ಯಪ್ ಬಳಸಿ ಹೆಸರು ಎತ್ತುವ ವಿಡಿಯೊ ಹಾಕುವುದು ಈಗ ವಾಡಿಕೆ. ಆದರೆ ಬೇಕಾದ ಹೆಸರು ಬರುವವರೆಗೆ ಎಷ್ಟು ಸಲ ಗುಂಡಿ ಒತ್ತಿದರು ಎಂಬುದು ಆ ವಿಡಿಯೊದಲ್ಲಿ ಕಾಣುವುದಿಲ್ಲ. ನೇರ ಪ್ರಸಾರದಲ್ಲಿ ಚೀಟಿ ಎತ್ತುವುದು ಅದಕ್ಕಿಂತ ವಾಸಿ. ಅದಕ್ಕೂ ಗಟ್ಟಿಯಾದ ಕ್ರಮವೆಂದರೆ, ಅಂಗಡಿಯವರ ಕೈಯಲ್ಲಿಲ್ಲದ, ಮುಂದೆ ಹೊರಬೀಳಲಿರುವ ಒಂದು ಬಹಿರಂಗ ಸಂಖ್ಯೆಗೆ ಆಯ್ಕೆಯನ್ನು ಕಟ್ಟಿಹಾಕುವುದು. ಷೇರುಪೇಟೆಯ ಸೆನ್ಸೆಕ್ಸ್ ದಿನದ ಕೊನೆಗೆ ನಿಲ್ಲುವ ಅಂಕ ಇದಕ್ಕೆ ಒದಗುತ್ತದೆ. ಅದನ್ನು ಯಾರೂ ಮೊದಲೇ ಹೇಳಲಾರರು, ಮರುದಿನ ಯಾವ ಪತ್ರಿಕೆಯಲ್ಲಾದರೂ ನೋಡಬಹುದು.

ಕ್ರಮ ಹೀಗೆ. ಗಡುವು ಮುಗಿದ ಮೇಲೆ ಅರ್ಹ ಖಾತೆಗಳನ್ನು ಕಮೆಂಟ್ ಬಂದ ಸರದಿಯಲ್ಲಿ 1ರಿಂದ ಸಂಖ್ಯೆ ಹಾಕಿ, ಸೋಮವಾರ ಪಟ್ಟಿ ಪ್ರಕಟಿಸಬೇಕು. ಅದರಲ್ಲಿ 412 ಹೆಸರುಗಳಿವೆ ಎಂದುಕೊಳ್ಳೋಣ. ಮಂಗಳವಾರ ಸೆನ್ಸೆಕ್ಸ್ 82,345.17ಕ್ಕೆ ನಿಂತಿತು ಎಂದಿಟ್ಟುಕೊಂಡರೆ, ಚುಕ್ಕಿ ತೆಗೆದಾಗ 8234517 ಸಿಗುತ್ತದೆ. ಅದನ್ನು 412ರಿಂದ ಭಾಗಿಸಿದರೆ ಭಾಗಲಬ್ಧ 19986, ಉಳಿಯುವ ಶೇಷ 285. ಶೇಷ ಸೊನ್ನೆಯೂ ಆಗಬಹುದಾದ್ದರಿಂದ ಅದಕ್ಕೆ 1 ಕೂಡಿಸಬೇಕು. 286ನೆಯ ಹೆಸರು ವಿಜೇತರದು. ಶಾಲೆಯ ಭಾಗಾಕಾರ ಬಲ್ಲ ಯಾರಾದರೂ ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಇಲ್ಲಿ ತಪ್ಪಬಾರದ್ದು ಅನುಕ್ರಮ: ಮಂಗಳವಾರದ ವಹಿವಾಟು ಆರಂಭವಾಗುವ ಮೊದಲೇ ಪಟ್ಟಿ ಹೊರಬಿದ್ದಿರಬೇಕು. ಅಂಕ ಗೊತ್ತಾದ ಮೇಲೆ ಪಟ್ಟಿಯಿಂದ ಒಂದು ಹೆಸರು ತೆಗೆದರೂ ಗೆಲ್ಲುವವರು ಬದಲಾಗುತ್ತಾರೆ. ಒಬ್ಬರೇ ಹತ್ತು ನಕಲಿ ಖಾತೆಗಳಿಂದ ಬರೆಯುವುದನ್ನು ಮಾತ್ರ ಈ ಕ್ರಮ ತಡೆಯಲಾರದು. ಅಂಥವನ್ನು ಪಟ್ಟಿ ಮಾಡುವಾಗಲೇ ಕಾರಣ ತಿಳಿಸಿ ಕೈಬಿಡಬೇಕು.

ಇಷ್ಟನ್ನು ಸೇರಿಸಿದರೆ ಪ್ರಕಟಣೆ ಹೀಗಾಗುತ್ತದೆ:

“ಬಹುಮಾನ: ಚಿತ್ರದಲ್ಲಿರುವ ಇಳಕಲ್ ಸೀರೆ, ಒಬ್ಬರಿಗೆ. ಏನನ್ನೂ ಕೊಳ್ಳಬೇಕಿಲ್ಲ. 18 ವರ್ಷ ತುಂಬಿದ, ಭಾರತದಲ್ಲಿ ವಿಳಾಸವಿರುವ ಯಾರಾದರೂ ಭಾಗವಹಿಸಬಹುದು. ಅಂಗಡಿಯವರಿಗೂ ಅವರ ಮನೆಯವರಿಗೂ ಪ್ರವೇಶವಿಲ್ಲ. ನಿಮಗೆ ಇಷ್ಟವಾದ ಸೀರೆಯ ಬಣ್ಣವನ್ನು ಇದರ ಕೆಳಗೆ ಕಮೆಂಟಿನಲ್ಲಿ ಬರೆಯಿರಿ. ಒಬ್ಬರಿಗೆ ಒಂದೇ ಪ್ರವೇಶ. ಕೊನೆಯ ಸಮಯ: 2026ರ ಆಗಸ್ಟ್ 9, ಭಾನುವಾರ, ರಾತ್ರಿ 9 (ಭಾರತೀಯ ಕಾಲಮಾನ). ಆಗಸ್ಟ್ 10ರ ಸಂಜೆ 6ಕ್ಕೆ ಸಂಖ್ಯೆ ಹಾಕಿದ ಪಟ್ಟಿ ಇಲ್ಲೇ ಬರುತ್ತದೆ. ಆಗಸ್ಟ್ 11ರ ಸೆನ್ಸೆಕ್ಸ್ ಮುಕ್ತಾಯದ ಅಂಕದಿಂದ ಚುಕ್ಕಿ ತೆಗೆದು, ಪಟ್ಟಿಯ ಒಟ್ಟು ಹೆಸರುಗಳಿಂದ ಭಾಗಿಸಿ, ಶೇಷಕ್ಕೆ 1 ಕೂಡಿಸಿದಾಗ ಬರುವ ಸಂಖ್ಯೆಯವರು ವಿಜೇತರು. ಅಂದು ಪೇಟೆಗೆ ರಜೆಯಿದ್ದರೆ ಮುಂದಿನ ವಹಿವಾಟಿನ ದಿನದ ಅಂಕ. ಫಲಿತಾಂಶ ಅದೇ ದಿನ ರಾತ್ರಿ 8ಕ್ಕೆ ಇಲ್ಲೇ. ಮೂರು ದಿನಗಳಲ್ಲಿ ವಿಜೇತರು ಉತ್ತರಿಸದಿದ್ದರೆ ಪಟ್ಟಿಯ ಮುಂದಿನವರಿಗೆ. ಕೊನೆಯ ಸಂಖ್ಯೆಯಾದರೆ 1ನೆಯವರಿಗೆ. ಅಂಚೆ ವೆಚ್ಚ ನಮ್ಮದು. ನಾವು ಈ ಖಾತೆಯಿಂದ ಮಾತ್ರ ಸಂಪರ್ಕಿಸುತ್ತೇವೆ. ಹಣ, ಒಟಿಪಿ ಕೇಳುವುದಿಲ್ಲ. ಈ ಸ್ಪರ್ಧೆಗೆ ಇನ್‌ಸ್ಟಾಗ್ರಾಂ ಪ್ರಾಯೋಜಕತ್ವವಾಗಲಿ ಹೊಣೆಯಾಗಲಿ ಇಲ್ಲ. ಭಾಗವಹಿಸುವವರು ಇದನ್ನು ಒಪ್ಪಿದಂತೆ.”

ಒಟಿಪಿಯ ಮಾತು ಅಲಂಕಾರಕ್ಕಲ್ಲ. ಅಂಗಡಿಯ ಹೆಸರು, ಚಿತ್ರಗಳನ್ನು ನಕಲು ಮಾಡಿದ ಖಾತೆಗಳು, ಕಮೆಂಟ್ ಹಾಕಿದವರಿಗೆ “ನೀವು ಗೆದ್ದಿದ್ದೀರಿ, ಕೊರಿಯರ್ ಹಣ ಕಳಿಸಿ” ಎಂದು ಸಂದೇಶ ಕಳಿಸುವುದು ಹಳೆಯ ವಂಚನೆ. ಕೊನೆಯ ವಾಕ್ಯವನ್ನು ಸೇರಿಸಬೇಕೆಂಬುದು ಇನ್‌ಸ್ಟಾಗ್ರಾಂನದೇ ನಿಯಮ. “ನಮ್ಮ ತೀರ್ಮಾನವೇ ಅಂತಿಮ” ಎಂಬುದಕ್ಕೆ ಹೊಸ ಪ್ರಕಟಣೆಯಲ್ಲಿ ಜಾಗವೇ ಇಲ್ಲ, ಏಕೆಂದರೆ ಅಂಗಡಿಯವರು ತೀರ್ಮಾನಿಸಲು ಏನೂ ಉಳಿದಿಲ್ಲ.

ವ್ಯಾಪಾರ ಹೆಚ್ಚಿಸಲೆಂದು ನಡೆಸುವ ಲಾಟರಿ ಮತ್ತು ಅದೃಷ್ಟದ ಸ್ಪರ್ಧೆಗಳನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿನಲ್ಲಿ ಹೆಸರಿಸಿದೆ. ಹೀಗಾಗಿ ಸ್ಪರ್ಧೆ ಘೋಷಿಸುವ ಮೊದಲು ವಕೀಲರನ್ನು ಕೇಳುವುದು ಕ್ಷೇಮ, ಬಹುಮಾನ ದೊಡ್ಡದಾದರಂತೂ ಕೇಳಲೇಬೇಕು. ಬಹುಮಾನ ಯೋಜನೆ ಮುಗಿದ ಮೇಲೆ ಅದರ ಅಂತಿಮ ಫಲಿತಾಂಶವನ್ನು ಭಾಗವಹಿಸಿದವರಿಗೆ ತಿಳಿಸದೆ ಮುಚ್ಚಿಡುವುದೂ ಅದೇ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿಯೇ.