ಪಟ್ಟಣ ಪಂಚಾಯಿತಿಯಿಂದ ಮಹಾನಗರ ಪಾಲಿಕೆಯವರೆಗೆ

ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ನಗರಾಡಳಿತದ ಎಲ್ಲ ಹಂತಗಳೂ ಒಂದೆರಡು ಗಂಟೆಯ ಬಸ್ ಪ್ರಯಾಣದೊಳಗೆ ಸಿಗುತ್ತವೆ. ಬೆಳ್ತಂಗಡಿ ಮತ್ತು ಸುಳ್ಯದಲ್ಲಿ ಪಟ್ಟಣ ಪಂಚಾಯಿತಿ, ಮೂಡುಬಿದಿರೆ ಮತ್ತು ಬಂಟ್ವಾಳದಲ್ಲಿ ಪುರಸಭೆ, ಪುತ್ತೂರು ಮತ್ತು ಉಳ್ಳಾಲದಲ್ಲಿ ನಗರಸಭೆ, ಮಂಗಳೂರಿನಲ್ಲಿ ಮಹಾನಗರ ಪಾಲಿಕೆ ಇವೆ. ಕಸ ಎತ್ತುವುದು, ಬೀದಿದೀಪ ಉರಿಸುವುದು, ಚರಂಡಿ ತೆಗೆಯುವುದು, ಮನೆ ತೆರಿಗೆ ವಸೂಲಿ ಮಾಡುವುದು ಈ ಎಲ್ಲ ಸಂಸ್ಥೆಗಳಿಗೂ ಸಮಾನವಾದ ಕೆಲಸ. ಅವುಗಳನ್ನು ಬೇರೆ ಬೇರೆ ಹಂತಗಳಲ್ಲಿ ಇಡುವುದು ಊರಿನ ಗಾತ್ರ, ಅನ್ವಯವಾಗುವ ಕಾಯ್ದೆ, ಸದಸ್ಯರ ಸಂಖ್ಯೆ ಮತ್ತು ಅಧಿಕಾರಿಯ ಸ್ಥಾನ.

ಈ ವಿಂಗಡಣೆಯ ಬುಡ ಸಂವಿಧಾನದಲ್ಲಿದೆ. 1993ರ ಜೂನ್ 1ರಂದು ಜಾರಿಗೆ ಬಂದ 74ನೇ ತಿದ್ದುಪಡಿ ನಗರಾಡಳಿತಕ್ಕೆ ಮೂರು ಬಗೆಗಳನ್ನು ಹೇಳಿತು. ಹಳ್ಳಿಯ ಸ್ವರೂಪ ಕಳೆದುಕೊಂಡು ಪಟ್ಟಣವಾಗುತ್ತಿರುವ ಪ್ರದೇಶಕ್ಕೆ ಒಂದು ಪಂಚಾಯಿತಿ, ಸಣ್ಣ ನಗರಕ್ಕೆ ಒಂದು ಸಭೆ, ದೊಡ್ಡ ನಗರಕ್ಕೆ ಒಂದು ಪಾಲಿಕೆ. ಯಾವ ಊರು ಯಾವ ಬಗೆಗೆ ಸೇರಬೇಕೆಂಬ ಅಳತೆಗೋಲನ್ನು ಅದು ರಾಜ್ಯಗಳಿಗೇ ಬಿಟ್ಟಿತು. ಕರ್ನಾಟಕವು ನಡುವಿನ ಬಗೆಯನ್ನು ಪುರಸಭೆ ಮತ್ತು ನಗರಸಭೆ ಎಂದು ಎರಡು ಮಾಡಿಕೊಂಡಿರುವುದರಿಂದ ಇಲ್ಲಿ ಒಟ್ಟು ನಾಲ್ಕು ಹಂತಗಳಿವೆ. ಕಾಯ್ದೆಗಳು ಮಾತ್ರ ಎರಡೇ. ಕೆಳಗಿನ ಮೂರು ಹಂತಗಳು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ ಅಡಿಯಲ್ಲಿ ನಡೆಯುತ್ತವೆ. ಪಾಲಿಕೆಗಳಿಗೆ 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ ಇದೆ. ಬೆಂಗಳೂರಿಗೆ ಈಗ ಪ್ರತ್ಯೇಕ ಕಾನೂನು ಇರುವುದರಿಂದ ಅದು ಈ ಸಾಲಿನಿಂದ ಹೊರಗುಳಿಯುತ್ತದೆ.

ಅಳತೆಗೋಲು

ಮೊದಲ ಅಳತೆ ಜನಸಂಖ್ಯೆ. 10 ಸಾವಿರದಿಂದ 20 ಸಾವಿರದವರೆಗೆ ಪಟ್ಟಣ ಪಂಚಾಯಿತಿ, 20 ಸಾವಿರದಿಂದ 50 ಸಾವಿರದವರೆಗೆ ಪುರಸಭೆ, 50 ಸಾವಿರದಿಂದ 3 ಲಕ್ಷದವರೆಗೆ ನಗರಸಭೆ, 3 ಲಕ್ಷ ಮುಟ್ಟಿದರೆ ಮಹಾನಗರ ಪಾಲಿಕೆ. ಆದರೆ ತಲೆ ಎಣಿಕೆಯೊಂದೇ ಸಾಲದು. ದುಡಿಯುವವರಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಬೇಸಾಯವಲ್ಲದ ಕಸುಬಿನಲ್ಲಿರಬೇಕು. ಜನ ಒತ್ತಾಗಿಯೂ ವಾಸಿಸುತ್ತಿರಬೇಕು: ಚದರ ಕಿಲೋಮೀಟರಿಗೆ ಪಟ್ಟಣ ಪಂಚಾಯಿತಿಯಲ್ಲಿ 400, ಪುರಸಭೆ ಹಾಗೂ ನಗರಸಭೆಗಳಲ್ಲಿ 1,500, ಪಾಲಿಕೆಯಲ್ಲಿ 3,000 ಜನರಾದರೂ ಇರಬೇಕೆಂಬುದು ನಿಯಮ. ಮೇಲಿನ ಹಂತಗಳಿಗೆ ಸ್ಥಳೀಯ ವರಮಾನದ ಕನಿಷ್ಠ ಮಿತಿಯೂ ಇದೆ.

ದಕ್ಷಿಣ ಕನ್ನಡದ ಊರುಗಳನ್ನು 2011ರ ಜನಗಣತಿಯೊಂದಿಗೆ ಹೋಲಿಸಿದರೆ ಈ ಲೆಕ್ಕ ಸ್ಪಷ್ಟವಾಗುತ್ತದೆ. ಸುಳ್ಯದಲ್ಲಿ 19,958 ಜನರಿದ್ದರು. ಪುರಸಭೆಯ ಗೆರೆ ಮುಟ್ಟಲು ಇನ್ನು 42 ಮಂದಿ ಬೇಕಿತ್ತು, ಆದ್ದರಿಂದ ಅದು ಪಟ್ಟಣ ಪಂಚಾಯಿತಿ. ಮೂಡುಬಿದಿರೆಯಲ್ಲಿ 29,431, ಬಂಟ್ವಾಳದಲ್ಲಿ 40,155 ಜನರಿದ್ದರು; ಎರಡೂ ಪುರಸಭೆಗಳು. ಪುತ್ತೂರು ಮತ್ತು ಉಳ್ಳಾಲ ತಲಾ 53 ಸಾವಿರ ದಾಟಿ ನಗರಸಭೆಗಳಾದವು. ಸುಮಾರು 5 ಲಕ್ಷ ಜನರಿದ್ದ ಮಂಗಳೂರು 1980ರಿಂದಲೇ ಪಾಲಿಕೆಯ ಸ್ಥಾನದಲ್ಲಿದೆ. ಈ ಸಾಲಿಗೆ ಹೊಂದದ ಊರು ಬೆಳ್ತಂಗಡಿ. ಅಲ್ಲಿ 8 ಸಾವಿರ ಜನರೂ ಇರಲಿಲ್ಲ. ತಾಲ್ಲೂಕು ಕೇಂದ್ರಗಳಾದ ಇಂಥ ಸಣ್ಣ ಊರುಗಳು ಕನಿಷ್ಠ ಮಿತಿಗಿಂತ ಕೆಳಗಿದ್ದರೂ ಪಟ್ಟಣ ಪಂಚಾಯಿತಿಗಳಾಗಿಯೇ ಮುಂದುವರಿದಿವೆ.

ಇಲ್ಲಿ ಗಮನಿಸಬೇಕಾದ ಒಂದು ಮಿತಿಯಿದೆ. ಲೆಕ್ಕಕ್ಕೆ ಹಿಡಿಯುವುದು ಪ್ರಕಟವಾದ ಕೊನೆಯ ಜನಗಣತಿಯ ಅಂಕಿಯನ್ನು. 2021ರಲ್ಲಿ ನಡೆಯಬೇಕಿದ್ದ ಗಣತಿ ಮುಂದೆ ಹೋದುದರಿಂದ, ಊರು ಕಣ್ಣೆದುರೇ ಬೆಳೆದಿದ್ದರೂ ಕಡತದಲ್ಲಿ 2011ರಷ್ಟೇ ಚಿಕ್ಕದಾಗಿ ಉಳಿಯಿತು. ಹೀಗಾಗಿ ಮೇಲ್ದರ್ಜೆಗೆ ಏರಿಸುವಾಗ ಸುತ್ತಲಿನ ಹಳ್ಳಿಗಳನ್ನು ಸೇರಿಸಿಕೊಂಡು ಜನಸಂಖ್ಯೆ ಹೊಂದಿಸುವ ಮಾರ್ಗವೂ ಬಳಕೆಯಲ್ಲಿದೆ. ಹಾಸನ ನಗರಸಭೆಯನ್ನು ಪಾಲಿಕೆಯಾಗಿಸುವಾಗ ಸುತ್ತಲಿನ ಗ್ರಾಮಗಳನ್ನು ಸೇರಿಸಿದ್ದು ಇದಕ್ಕೆ ಉದಾಹರಣೆ.

ಸದಸ್ಯರು, ಅಧ್ಯಕ್ಷರು, ಅಧಿಕಾರಿಗಳು

ಹಂತ ಬದಲಾದರೆ ಸಭೆಯ ಗಾತ್ರ ಬದಲಾಗುತ್ತದೆ. ಬೆಳ್ತಂಗಡಿ ಪಟ್ಟಣ ಪಂಚಾಯಿತಿಗೆ 11 ಚುನಾಯಿತ ಸದಸ್ಯರು, ಸುಳ್ಯಕ್ಕೆ 20. ಪುರಸಭೆಯಲ್ಲಿ ಜನಸಂಖ್ಯೆ 40 ಸಾವಿರದೊಳಗಿದ್ದರೆ 23, ಅದನ್ನು ದಾಟಿದರೆ 27 ಸದಸ್ಯರು. ಆದ್ದರಿಂದಲೇ ಮೂಡುಬಿದಿರೆಗೆ 23, ಬಂಟ್ವಾಳಕ್ಕೆ 27. ನಗರಸಭೆಯಲ್ಲಿ 1 ಲಕ್ಷದವರೆಗೆ 31, ಅದಕ್ಕಿಂತ ಹೆಚ್ಚಿದ್ದರೆ 35. ಮಂಗಳೂರು ಪಾಲಿಕೆಗೆ 60 ವಾರ್ಡುಗಳಿವೆ. ಇವರ ಜೊತೆಗೆ ಸರ್ಕಾರ ನಾಮನಿರ್ದೇಶನ ಮಾಡಿದ ಕೆಲವು ಸದಸ್ಯರೂ ಇರುತ್ತಾರೆ. ಅವರು ಚರ್ಚೆಯಲ್ಲಿ ಭಾಗವಹಿಸಬಹುದು, ಮತ ಹಾಕುವಂತಿಲ್ಲ. ಆ ಊರನ್ನು ಪ್ರತಿನಿಧಿಸುವ ಶಾಸಕರಿಗೂ ಸಂಸದರಿಗೂ ಸಭೆಯಲ್ಲಿ ಮತವುಂಟು. ಸದಸ್ಯಬಲ ಸರಿಸಮವಾದ ಕಡೆ ಅಧ್ಯಕ್ಷರ ಆಯ್ಕೆ ಆ ಒಂದೆರಡು ಮತಗಳ ಮೇಲೆಯೇ ನಿಲ್ಲುತ್ತದೆ.

ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆಗೆ ಅವಕಾಶವಿಲ್ಲ. ಪಟ್ಟಣ ಪಂಚಾಯಿತಿಯಿಂದ ಮೇಲಕ್ಕೆ ಎಲ್ಲ ಕಡೆ ಪಕ್ಷದ ಚಿಹ್ನೆಯ ಮೇಲೆಯೇ ಚುನಾವಣೆ ನಡೆಯುತ್ತದೆ. ಪಾಲಿಕೆಯ ಮುಖ್ಯಸ್ಥರು ಮೇಯರ್, ಅವರ ಅವಧಿ ಒಂದೇ ವರ್ಷ. ಉಳಿದ ಮೂರು ಹಂತಗಳಲ್ಲಿ ಅಧ್ಯಕ್ಷರಿದ್ದು, ಅವರಿಗೆ 30 ತಿಂಗಳ ಅವಧಿ ಇರುತ್ತದೆ. ಎಂದರೆ ಸಣ್ಣ ಊರಿನ ಅಧ್ಯಕ್ಷರಿಗೆ ಒಂದು ಕಾಮಗಾರಿಯನ್ನು ಆರಂಭಿಸಿ ಮುಗಿಸುವಷ್ಟು ಕಾಲ ಸಿಗುತ್ತದೆ, ದೊಡ್ಡ ನಗರದ ಮೇಯರ್ ಒಂದು ಬಜೆಟ್ ಮಂಡನೆಯಾಗುವಷ್ಟರಲ್ಲಿ ಕುರ್ಚಿ ಬಿಡಬೇಕಾಗುತ್ತದೆ.

ದಿನನಿತ್ಯದ ಆಡಳಿತ ಸರ್ಕಾರ ನೇಮಿಸಿದ ಅಧಿಕಾರಿಯ ಕೈಯಲ್ಲಿರುತ್ತದೆ. ಪಟ್ಟಣ ಪಂಚಾಯಿತಿ ಮತ್ತು ಪುರಸಭೆಯಲ್ಲಿ ಆ ಅಧಿಕಾರಿ ಮುಖ್ಯಾಧಿಕಾರಿ, ನಗರಸಭೆಯಲ್ಲಿ ಪೌರಾಯುಕ್ತ, ಪಾಲಿಕೆಯಲ್ಲಿ ಆಯುಕ್ತ. ಚುನಾಯಿತ ಸಭೆ ನಿರ್ಣಯ ಮಾಡುತ್ತದೆ, ಅಧಿಕಾರಿ ಅದನ್ನು ಜಾರಿಗೆ ತರುತ್ತಾರೆ. ಕೆಳಗಿನ ಮೂರು ಹಂತಗಳ ಮೇಲೆ ಜಿಲ್ಲಾಧಿಕಾರಿ ಮತ್ತು ಪೌರಾಡಳಿತ ನಿರ್ದೇಶನಾಲಯದ ಮೇಲ್ವಿಚಾರಣೆ ಇರುತ್ತದೆ. ಪಾಲಿಕೆಗೆ ಹೆಚ್ಚು ಸ್ವಾತಂತ್ರ್ಯವಿದೆ. ತೆರಿಗೆ ಮತ್ತು ಹಣಕಾಸು, ಆರೋಗ್ಯ, ನಗರ ಯೋಜನೆ, ಲೆಕ್ಕಪತ್ರ ಎಂದು ಕೆಲಸ ಹಂಚಿಕೊಂಡ ನಾಲ್ಕು ಸ್ಥಾಯಿ ಸಮಿತಿಗಳು ಅಲ್ಲಿರುತ್ತವೆ. 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರದಲ್ಲಿ ವಾರ್ಡ್ ಸಮಿತಿ ಕಡ್ಡಾಯವೆಂದು ಸಂವಿಧಾನವೇ ಹೇಳುತ್ತದೆ.

ಹಂತ ಏರಿದಾಗ

ಜನರಿಗೆ ಬದಲಾವಣೆ ಹೆಚ್ಚು ತಟ್ಟುವುದು ಗ್ರಾಮ ಪಂಚಾಯಿತಿ ಪಟ್ಟಣ ಪಂಚಾಯಿತಿಯಾದಾಗ. ಕಿನ್ನಿಗೋಳಿ, ಬಜ್ಪೆ, ಕಡಬ ಈ ದಾರಿಯಲ್ಲಿ ಬಂದ ಊರುಗಳು. ಸರ್ಕಾರ ಮೊದಲು ಕರಡು ಅಧಿಸೂಚನೆ ಹೊರಡಿಸಿ ಆಕ್ಷೇಪಣೆಗಳನ್ನು ಕೇಳುತ್ತದೆ, ಅವನ್ನು ಪರಿಶೀಲಿಸಿ ಅಂತಿಮ ಅಧಿಸೂಚನೆ ಹೊರಡಿಸುತ್ತದೆ. ಆ ಬಳಿಕ ಗ್ರಾಮ ಪಂಚಾಯಿತಿಯೂ ಅದರ ಗ್ರಾಮಸಭೆಯೂ ಇಲ್ಲವಾಗುತ್ತವೆ. ಪಿಡಿಒ ಇದ್ದ ಜಾಗಕ್ಕೆ ಮುಖ್ಯಾಧಿಕಾರಿ ಬರುತ್ತಾರೆ. ಗ್ರಾಮೀಣ ಉದ್ಯೋಗ ಖಾತರಿಯ ಕೂಲಿ ಕೆಲಸ ನಿಲ್ಲುತ್ತದೆ, ಏಕೆಂದರೆ ಆ ಯೋಜನೆ ಹಳ್ಳಿಗಳಿಗಷ್ಟೇ ಸೀಮಿತ. ಆಸ್ತಿಯ ದಾಖಲೆ ಪಂಚಾಯಿತಿಯ ನಮೂನೆ 9 ಮತ್ತು 11ರಿಂದ ನಗರ ಸಂಸ್ಥೆಯ ಇ-ಆಸ್ತಿ ನಮೂನೆಗೆ ಬದಲಾಗುತ್ತದೆ, ತೆರಿಗೆಯೂ ನಗರದ ಲೆಕ್ಕದಲ್ಲಿ ಬರುತ್ತದೆ. ಇದಕ್ಕೆ ಬದಲಾಗಿ ನಗರ ಯೋಜನೆಗಳ ಅನುದಾನ ಸಿಗಲು ಆರಂಭವಾಗುತ್ತದೆ.

ಪುರಸಭೆ ನಗರಸಭೆಯಾದಾಗ ಬದಲಾವಣೆ ಇಷ್ಟು ಗಾಢವಲ್ಲ, ಏಕೆಂದರೆ ಕಾಯ್ದೆ ಅದೇ ಇರುತ್ತದೆ. ಪುತ್ತೂರಿನಲ್ಲಿ 27 ಇದ್ದ ವಾರ್ಡುಗಳು 31 ಆದವು, ಮುಖ್ಯಾಧಿಕಾರಿಯ ಸ್ಥಾನಕ್ಕೆ ಪೌರಾಯುಕ್ತರು ಬಂದರು. ತೆರಿಗೆ, ಪರವಾನಗಿ, ಕಸದ ವ್ಯವಸ್ಥೆಗಳ ನಿಯಮಗಳು ಮೊದಲಿನ ಕಾಯ್ದೆಯ ಚೌಕಟ್ಟಿನಲ್ಲೇ ಉಳಿದವು.

ಯಾವ ಹಂತದಲ್ಲಿದ್ದರೂ ಕೆಲವು ಕೆಲಸಗಳು ಈ ಸಂಸ್ಥೆಗಳ ಕೈಯಲ್ಲಿ ಪೂರ್ತಿಯಾಗಿ ಇರುವುದಿಲ್ಲ. ಸಂವಿಧಾನದ 12ನೇ ಅನುಸೂಚಿ ನಗರ ಸಂಸ್ಥೆಗಳಿಗೆ ಸೂಕ್ತವೆಂದು 18 ವಿಷಯಗಳನ್ನು ಪಟ್ಟಿ ಮಾಡಿದೆ. ಆದರೆ ಅಗ್ನಿಶಾಮಕ ಸೇವೆ ರಾಜ್ಯದ ಇಲಾಖೆಯ ಬಳಿಯೇ ಇದೆ. ದೊಡ್ಡ ನೀರಿನ ಯೋಜನೆ ಮತ್ತು ಒಳಚರಂಡಿ ಕಾಮಗಾರಿಗಳನ್ನು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಕೈಗೊಂಡು, ಬಳಿಕ ಸ್ಥಳೀಯ ಸಂಸ್ಥೆಗೆ ಒಪ್ಪಿಸುತ್ತದೆ. ಬಡಾವಣೆಯ ನಕ್ಷೆಗೆ ಒಪ್ಪಿಗೆ ನೀಡುವುದು ನಗರಾಭಿವೃದ್ಧಿ ಪ್ರಾಧಿಕಾರ ಅಥವಾ ಯೋಜನಾ ಪ್ರಾಧಿಕಾರ. ಅಗೆದ ರಸ್ತೆಗೆ ಮಂಡಳಿಯೋ ನಗರಸಭೆಯೋ ಹೊಣೆ ಎಂಬ ಜಗಳ ಹುಟ್ಟುವುದು ಈ ಹಂಚಿಕೆಯಿಂದಲೇ.

ಸಭೆ ಇಲ್ಲದ ಆಡಳಿತ

ಎಲ್ಲ ಹಂತಗಳನ್ನೂ ಕಾಡುವ ದೊಡ್ಡ ತೊಂದರೆ ಚುನಾಯಿತ ಆಡಳಿತದ ಗೈರು. ಸಭೆಯ ಅವಧಿ ಮೊದಲ ಸಭೆ ಸೇರಿದ ದಿನದಿಂದ ಐದು ವರ್ಷ, ಅದು ಮುಗಿಯುವ ಮೊದಲೇ ಮುಂದಿನ ಚುನಾವಣೆ ಮುಗಿದಿರಬೇಕು ಎನ್ನುತ್ತದೆ ಸಂವಿಧಾನ. ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಆದರೆ ವಾರ್ಡ್ ವಿಂಗಡಣೆ ಮತ್ತು ಮೀಸಲಾತಿಯ ಪಟ್ಟಿ ತಯಾರಿಸುವುದು ರಾಜ್ಯ ಸರ್ಕಾರ. ಪಟ್ಟಿ ತಡವಾದರೆ ಅಥವಾ ನ್ಯಾಯಾಲಯದ ಮೆಟ್ಟಿಲೇರಿದರೆ ಎಲ್ಲವೂ ನಿಲ್ಲುತ್ತದೆ.

ಪುತ್ತೂರು, ಉಳ್ಳಾಲ ಮತ್ತು ಬಂಟ್ವಾಳದಲ್ಲಿ ಆದದ್ದು ಇದೇ. ಅಲ್ಲಿ ಮತದಾನ 2018ರ ಆಗಸ್ಟ್ 31ರಂದು ನಡೆಯಿತು. ಅಧ್ಯಕ್ಷ ಸ್ಥಾನದ ಮೀಸಲಾತಿ ವ್ಯಾಜ್ಯದಲ್ಲಿ ಸಿಲುಕಿದ್ದರಿಂದ ಅಧ್ಯಕ್ಷರು ಆಯ್ಕೆಯಾದದ್ದು 2020ರ ನವೆಂಬರಿನಲ್ಲಿ. ಗೆದ್ದ ಸದಸ್ಯರು ಎರಡು ವರ್ಷಕ್ಕೂ ಮಿಕ್ಕಿ ಅಧಿಕಾರವಿಲ್ಲದೆ ಕುಳಿತರು, ಆಡಳಿತಾಧಿಕಾರಿಯೇ ಎಲ್ಲವನ್ನೂ ನಿರ್ಧರಿಸಿದರು. ಮೊದಲ 30 ತಿಂಗಳು ಮುಗಿದ ಮೇಲೆ ಎರಡನೇ ಅವಧಿಯ ಪಟ್ಟಿಯೂ ತಡವಾಗಿ, 2024ರ ಆಗಸ್ಟ್‌ವರೆಗೆ ಮತ್ತೆ ಆಡಳಿತಾಧಿಕಾರಿಯ ಕಾಲ ನಡೆಯಿತು. ಮಂಗಳೂರು ಪಾಲಿಕೆಯ ಅವಧಿ 2025ರ ಫೆಬ್ರವರಿಯಲ್ಲಿ ಮುಗಿದಾಗಲೂ ಹೊಸ ಸಭೆ ಸಿದ್ಧವಿರಲಿಲ್ಲ. ಇಂಥ ಕಾಲದಲ್ಲಿ ಕಸ ಸಾಗಣೆ ನಡೆಯುತ್ತದೆ, ತೆರಿಗೆ ವಸೂಲಿಯೂ ನಡೆಯುತ್ತದೆ. ಆದರೆ ಬಜೆಟ್ಟಿನ ಮೇಲೆ ಚರ್ಚೆಯಿಲ್ಲ, ವಾರ್ಡಿನ ದೂರನ್ನು ಸಭೆಯಲ್ಲಿ ಎತ್ತುವವರಿಲ್ಲ.

ಹಂತ ಏರಿದ ಮಾತ್ರಕ್ಕೆ ಊರಿನ ಆಡಳಿತ ಗಟ್ಟಿಯಾಗುವುದಿಲ್ಲ. ಹಂತವು ಕಾಯ್ದೆಯನ್ನೂ ಸದಸ್ಯರ ಸಂಖ್ಯೆಯನ್ನೂ ಅಧಿಕಾರಿಯನ್ನೂ ನಿಗದಿ ಮಾಡುತ್ತದೆ. ಆ ಹಂತಕ್ಕೆ ತಕ್ಕ ಆಡಳಿತ ನಡೆಯಬೇಕಾದರೆ ಚುನಾವಣೆ ಕಾಲಕ್ಕೆ ಸರಿಯಾಗಿ ನಡೆಯಬೇಕು, ಮೀಸಲಾತಿ ಪಟ್ಟಿ ಮತದಾನಕ್ಕೆ ಮುನ್ನವೇ ತಕರಾರಿಲ್ಲದೆ ಸಿದ್ಧವಿರಬೇಕು.